ಅಕಾರಾದಿ ಸೂಚಿಯೂ ಗಣಕಯಂತ್ರದ ಅಕ್ಷರಕ್ರಮವೂ

ಗ್ರಂಥಸಂಪಾದನೆಯಲ್ಲಿ ಅಕಾರಾದಿ ಸೂಚಿಯ ಸ್ಥಾನವೇನೆಂಬುದು ವಚನಸಂಪುಟಗಳನ್ನು ಬಳಸುವವರೆಲ್ಲರಿಗೂ ವಿದಿತವಾದುದೇ. ಸೂಚಿಯಲ್ಲಿ ಇರಬೇಕಾದ ಎಡೆಯಲ್ಲಿ ಒಂದು ಪದ ಕಾಣದಿದ್ದರೆ, ಅದು ಗ್ರಂಥದಲ್ಲಿಯೇ ಇಲ್ಲವೆಂದು ಅಭ್ಯಾಸಿಯು ನಿರ್ಣಯಿಸಿಬಿಡುತ್ತಾನೆ. ಹಿಂದೆ ಚೀಟಿಗಳ ಮೇಲೆ ಬರೆದು ಕೈಯಿಂದ ಜೋಡಿಸುತ್ತಿದ್ದ ಈ ಸೂಚಿಯನ್ನು ಇಂದು ಗಣಕಯಂತ್ರವು ಕ್ಷಣಮಾತ್ರದಲ್ಲಿ ಸಿದ್ಧಪಡಿಸುತ್ತದೆ. ಆದರೆ ಯಂತ್ರದ ಸಹಜಕ್ರಮವು ಕನ್ನಡದ ಅಕಾರಾದಿಯಲ್ಲ.

ಯಂತ್ರವು ಅಕ್ಷರವನ್ನು ಅರಿಯದು; ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಯೂನಿಕೋಡ್ ಎಂಬ ಸಂಕೇತವ್ಯವಸ್ಥೆಯಲ್ಲಿ ಕನ್ನಡದ ಪ್ರತಿಯೊಂದು ವರ್ಣಕ್ಕೂ ಒಂದು ಸಂಖ್ಯೆಯುಂಟು. ಬೇರೆ ಆಜ್ಞೆಯಿಲ್ಲದಿದ್ದರೆ ಯಂತ್ರವು ಆ ಸಂಖ್ಯೆಗಳನ್ನೇ ಒಂದೊಂದಾಗಿ ಹೋಲಿಸಿ, ಕಿರಿದಾದುದನ್ನು ಮೊದಲು ಇಡುತ್ತದೆ. ಲಕಾರಕ್ಕೆ 3250, ಳಕಾರಕ್ಕೆ 3251, ವಕಾರಕ್ಕೆ 3253, ಸಕಾರಕ್ಕೆ 3256. ಬಾಲಬೋಧೆಯಲ್ಲಿ ಹಕಾರವಾದ ಮೇಲೆ ಕಡೆಯಲ್ಲಿ ಬರುವ ಳಕಾರವು ಇಲ್ಲಿ ಲಕಾರದ ಮಗ್ಗುಲಿಗೇ ಬಂದು ಕುಳಿತಿದೆ. ಇದು ಅನವಧಾನದ ಫಲವಲ್ಲ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟನ್ನು ಹಾಕಿದ 1988ರ ಇಸ್ಕಿ ಸಂಕೇತವನ್ನು ಯೂನಿಕೋಡ್ ಅನುಸರಿಸಿತು. ಆ ಚೌಕಟ್ಟಿನಲ್ಲಿ ಲ, ಳ, ೞ ಒಂದರ ಪಕ್ಕ ಒಂದು. ವಿಚಿತ್ರವೆಂದರೆ, ಅದರಂತೆ ೞಕಾರಕ್ಕೆ ಸಲ್ಲಬೇಕಾಗಿದ್ದ 3252ನೆಯ ಮನೆ ಕನ್ನಡದಲ್ಲಿ ಬರಿದಾಗಿಯೇ ಉಳಿದು, ಹಳಗನ್ನಡದ ಆ ರಳವು 3294ರಲ್ಲಿ ನೆಲೆಸಿತು. ಅಲ್ಲಿ ಅದಕ್ಕೆ ‘ಫ’ ಎಂಬ ತಪ್ಪು ಹೆಸರೂ ಅಂಟಿಕೊಂಡಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯನ್ನು ಉಪನಾಮವಾಗಿ ಸೇರಿಸಬೇಕಾಯಿತು!

ಈಗ ಬಲ, ಬಸವ, ಬಳಗ, ಬೞಿ, ಬಾಗಿಲು, ಬ್ರಹ್ಮ ಎಂಬ ಆರು ಪದಗಳನ್ನು ತೆಗೆದುಕೊಳ್ಳಬಹುದು. ಇಲ್ಲಿ ಬರೆದಿರುವುದೇ ನಿಘಂಟಿನ ಕ್ರಮ. ಯಂತ್ರವು ತನ್ನಷ್ಟಕ್ಕೆ ಜೋಡಿಸಿದರೆ ಬಲ, ಬಳಗ, ಬಸವ, ಬಾಗಿಲು, ಬ್ರಹ್ಮ, ಬೞಿ ಎಂದಾಗುತ್ತದೆ. ಆರರಲ್ಲಿಯೂ ಮೊದಲ ವರ್ಣ ಬಕಾರವೇ ಆದುದರಿಂದ ಎರಡನೆಯ ಸಂಕೇತವೇ ನಿರ್ಣಾಯಕ. ‘ಬಾಗಿಲು’ ಪದದಲ್ಲಿ ಅದು ಆಕಾರದ ಚಿಹ್ನೆ, 3262; ‘ಬ್ರಹ್ಮ’ದಲ್ಲಿ ಒತ್ತಕ್ಷರವನ್ನು ಕೂಡಿಸುವ ಹಲಂತಚಿಹ್ನೆ, 3277. ಕಾಗುಣಿತ ಮುಗಿದ ಮೇಲೆ ಒತ್ತಕ್ಷರ ಬರುವ ನಮ್ಮ ನಿಘಂಟುಗಳ ಪದ್ಧತಿಗೆ ಇವೆರಡೂ ಒಪ್ಪುತ್ತವೆ. ಕೆಡುವುದು ಳಕಾರ ಮತ್ತು ೞಕಾರಗಳಲ್ಲಿ. ಅದರಲ್ಲಿಯೂ ‘ಬೞಿ’ಯು ಬಕಾರದ ಸಮಸ್ತ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ದಾಟಿ, ಯಾರೂ ಹುಡುಕದ ಕೊನೆಯಲ್ಲಿ ಬಿದ್ದಿರುತ್ತದೆ. ಹಳಗನ್ನಡ ಕಾವ್ಯದ ಅಥವಾ ಶಾಸನಗಳ ಪದಸೂಚಿಗೆ ಇದು ಸಣ್ಣ ಕೇಡಲ್ಲ.

ಪರಿಹಾರವು ಸಂಖ್ಯೆಗಳನ್ನು ಬದಲಿಸುವುದಲ್ಲ. ಹಾಗೆ ಮಾಡಿದರೆ ಈವರೆಗೆ ಬರೆದಿಟ್ಟ ಕಡತಗಳೆಲ್ಲ ಓದಲು ಬಾರದಂತಾಗುವುವು. ಹೋಲಿಕೆಗೆಂದೇ ಬೇರೊಂದು ಕೋಷ್ಟಕವಿದೆ. ಅದರಲ್ಲಿ ಪ್ರತಿ ವರ್ಣಕ್ಕೂ ಒಂದು ತೂಕವುಂಟು; ಯಂತ್ರವು ಸಂಖ್ಯೆಯನ್ನು ಬಿಟ್ಟು ತೂಕವನ್ನು ನೋಡುತ್ತದೆ. ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಕೋಷ್ಟಕದಲ್ಲಿಯೇ ಳ, ೞಗಳು ಹಕಾರದ ಮುಂದಕ್ಕೆ ಸರಿದಿವೆ. ಆದರೆ ಅಲ್ಲಿ ಅನುಸ್ವಾರವು ಸ್ವತಂತ್ರ ವರ್ಣವಲ್ಲ; ಮೊದಲ ಸುತ್ತಿನ ಹೋಲಿಕೆಯಲ್ಲಿ ಅದಕ್ಕೆ ತೂಕವೇ ಇಲ್ಲ. ಹೀಗಾಗಿ ‘ಬಂಧನ’ವು ‘ಬಧನ’ವೆಂಬಂತೆ ಎಣಿಸಲ್ಪಟ್ಟು ‘ಬಕ’ದ ಕೆಳಗೆ ಇಳಿಯುತ್ತದೆ. ಕನ್ನಡಕ್ಕೆಂದು ಪ್ರತ್ಯೇಕವಾಗಿ ಮಾಡಿದ ತಿದ್ದುಪಡಿಯು ಅನುಸ್ವಾರವನ್ನು ಔಕಾರದ ನಂತರ, ಕಕಾರಕ್ಕಿಂತ ಮೊದಲು ನಿಲ್ಲಿಸುತ್ತದೆ. ಭಾಷೆಯ ಹೆಸರನ್ನು ಯಂತ್ರಕ್ಕೆ ತಿಳಿಸಬೇಕಾದುದು ಈ ಕಾರಣದಿಂದಲೇ. ಜಾವಾಸ್ಕ್ರಿಪ್ಟ್ ಎಂಬ ಯಂತ್ರಭಾಷೆಯಲ್ಲಿ ಮೊದಲನೆಯ ಸಾಲು ಸಂಖ್ಯಾಕ್ರಮವನ್ನೂ, ಎರಡನೆಯದು ಕನ್ನಡದ ಕ್ರಮವನ್ನೂ ಕೊಡುತ್ತದೆ:

```
words.sort()
words.sort(new Intl.Collator("kn").compare)
```

ಇಲ್ಲೊಂದು ಎಚ್ಚರ ಅಗತ್ಯ. ಯಂತ್ರದಲ್ಲಿ ಕನ್ನಡದ ಕೋಷ್ಟಕವನ್ನು ಅಳವಡಿಸಿರದಿದ್ದರೆ ಅದು ದೋಷವನ್ನು ತಿಳಿಸುವುದಿಲ್ಲ. ಸದ್ದಿಲ್ಲದೆ ಬೇರೊಂದು ಭಾಷೆಯ ಕ್ರಮವನ್ನು ಹಿಡಿಯುತ್ತದೆ. ಬಂಧನ, ಬಕ, ಬಸವ, ಬಳಗ ಎಂಬ ನಾಲ್ಕು ಪದಗಳನ್ನು ಕೊಟ್ಟು ನೋಡಿದರೆ ಇದು ಬಯಲಾಗುತ್ತದೆ. ‘ಬಳಗ’ವು ‘ಬಸವ’ಕ್ಕಿಂತ ಮೊದಲು ಬಂದರೆ ಯಂತ್ರವು ಬರಿಯ ಸಂಖ್ಯೆಯನ್ನು ನೋಡಿದೆ, ‘ಬಕ’ವು ‘ಬಂಧನ’ಕ್ಕಿಂತ ಮೊದಲು ಬಂದರೆ ಸಾಮಾನ್ಯ ಕೋಷ್ಟಕವನ್ನು ಬಳಸಿದೆ. ಕೊಟ್ಟ ಕ್ರಮದಲ್ಲಿಯೇ ನಾಲ್ಕೂ ನಿಂತರೆ ಕನ್ನಡದ ಕ್ರಮ ನಡೆದಿದೆಯೆಂದು ತಿಳಿಯಬಹುದು.

ಇಷ್ಟಾದರೂ ಕೋಷ್ಟಕಕ್ಕೆ ಒಂದು ಮಿತಿಯುಂಟು. ‘ಬೞಿಕ’ ಮತ್ತು ‘ಬಳಿಕ’ ಒಂದೇ ಪದದ ಎರಡು ರೂಪಗಳೆಂಬುದನ್ನು ಅದು ಅರಿಯದು. ಅವನ್ನು ತಮ್ಮ ತಮ್ಮ ಸ್ಥಾನದಲ್ಲಿ ಬೇರೆಬೇರೆಯಾಗಿಯೇ ಇಡುತ್ತದೆ. ಪ್ರತಿಗಳಲ್ಲಿ ‘ಅಂಗ’ವೆಂದೂ ‘ಅಙ್ಗ’ವೆಂದೂ ಬರೆದಿರುವಲ್ಲಿಯೂ ಹಾಗೆಯೇ. ಅಂತಹ ಪಾಠಭೇದಗಳನ್ನು ಒಂದೇ ಶೀರ್ಷಿಕೆಯಡಿ ತರಬೇಕೆ, ‘ನೋಡಿ’ ಎಂದು ಸೂಚಿಸಿ ಬಿಡಬೇಕೆ ಎಂಬುದನ್ನು ಸಂಪಾದಕನೇ ಪದಪದವಾಗಿ ನಿರ್ಧರಿಸಬೇಕಾಗುತ್ತದೆ.