ಹುಬ್ಬಿಗೆ ತಲೆಯ ಡೈ ಬೇಡ

ತಲೆಗೆ ಬಣ್ಣ ಹಚ್ಚಿದ ಮೇಲೆ ಬಟ್ಟಲಲ್ಲಿ ಉಳಿದದ್ದನ್ನು ನರೆತ ಹುಬ್ಬಿಗೂ ಸವರುವವರಿದ್ದಾರೆ. ದಯವಿಟ್ಟು ಬೇಡ. ಡೈ ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿ: ಹುಬ್ಬು, ರೆಪ್ಪೆಗೆ ಬಳಸಿದರೆ ಕುರುಡುತನ ಬರಬಹುದು ಎಂಬ ಎಚ್ಚರಿಕೆಯನ್ನು ನಮ್ಮ ಕಾನೂನೇ ಬರೆಸಿದೆ. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ಕಣ್ಣಿಗಿಳಿದರೆ ಪಾಪೆಯ ಮೇಲಿನ ಪಾರದರ್ಶಕ ಪೊರೆಯೇ ಹಾಳಾದೀತು. 1930ರ ದಶಕದಲ್ಲಿ ಅಮೆರಿಕದ ‘ಲ್ಯಾಶ್ ಲ್ಯೂರ್’ ಎಂಬ ರೆಪ್ಪೆಬಣ್ಣದಿಂದ ಮಹಿಳೆಯೊಬ್ಬರು ದೃಷ್ಟಿಯನ್ನೇ ಕಳೆದುಕೊಂಡರು.

ತೊಳೆದರೆ ಹೋಗುವ ಹುಬ್ಬಿನ ಪೆನ್ಸಿಲ್ ಅಥವಾ ಪುಡಿಯೇ ಕ್ಷೇಮ. ಕಪ್ಪು ಕೂದಲಿಗೆ ಅಚ್ಚಗಪ್ಪಿಗಿಂತ ಗಾಢ ಕಂದು ಒಪ್ಪುತ್ತದೆ. ನರೆತ ತಲೆಗೆ ಬೂದುಗಂದು. ಕೂದಲು ಬೆಳೆದ ದಿಕ್ಕಿನಲ್ಲೇ ಸಣ್ಣ ಗೀರುಗಳನ್ನೆಳೆದು, ಬ್ರಷ್‌ನಿಂದ ಹದವಾಗಿ ಬಾಚಿ.

ಆಕಸ್ಮಿಕವಾಗಿ ಡೈ ಕಣ್ಣಿಗೆ ಬಿದ್ದರೆ ಉಜ್ಜದೆ, ಹದಿನೈದು ನಿಮಿಷ ಶುದ್ಧ ನೀರು ಹರಿಸಿ, ತಕ್ಷಣ ಕಣ್ಣಿನ ವೈದ್ಯರಲ್ಲಿಗೆ ಹೋಗಿ.