ಗೋವಿನಜೋಳಕ್ಕೆ 2,400 ರೂ. ಬೆಂಬಲ ಬೆಲೆ ಐತಿ, ಆದ್ರೂ ರೈತ 1,700ಕ್ಕ ಯಾಕ ಮಾರ್ತಾನ?

ಹಾವೇರಿ: ಪೇಟೆಯಲ್ಲಿ ಅಂಗಡಿ ಕಟ್ಟೆ ಮೇಲೆ ಕುಂತವರು ಕೇಳೋ ಮಾತು ಒಂದೇ: 'ಸರ್ಕಾರ ರೇಟ್ ಫಿಕ್ಸ್ ಮಾಡೇತಿ, ಇನ್ನ ರೈತರಿಗೆ ಏನ್ ತ್ರಾಸು?' ಕೇಂದ್ರ ಸರ್ಕಾರ 2025-26ರ ಮುಂಗಾರಿಗೆ ಗೋವಿನಜೋಳಕ್ಕೆ ಕ್ವಿಂಟಾಲಿಗೆ 2,400 ರೂ. ಬೆಂಬಲ ಬೆಲೆ ಘೋಷಿಸಿದ್ದು ಖರೆ. ಅದೇ 2025ರ ನವೆಂಬರಿನಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ರೇಟು 1,600ರಿಂದ 1,800 ರೂ. ಆಸುಪಾಸಿಗೆ ಇಳಿದದ್ದೂ ಖರೆ. ಎರಡೂ ಹೆಂಗ ಖರೆ ಆಗ್ತಾವ ಅನ್ನೋದು ತಿಳಿದರೆ ಬೆಂಬಲ ಬೆಲೆ ಅಂದರೇನು ಅನ್ನೋದು ತಾನಾಗೇ ತಿಳೀತದ.

ಇದು ಎಂಆರ್‌ಪಿ ಇದ್ದಂಗಲ್ಲ

ಅಂಗಡಿಯವರಿಗೆ ಎಂಆರ್‌ಪಿ ಗೊತ್ತು. ಪಾಕೀಟಿನ ಮೇಲೆ ಬರೆದದ್ದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ತಗೊಂಡ್ರೂ ಕೇಸ್ ಹಾಕಬಹುದು. ಬೆಂಬಲ ಬೆಲೆಗೆ ಅಂಥ ಕಾನೂನು ಇಲ್ಲ. ಎಪಿಎಂಸಿಯಲ್ಲಿ ಖರೀದಿದಾರ 1,700ಕ್ಕೆ ಟೆಂಡರ್ ಹಾಕಿದರೆ ಅದು ಅಪರಾಧ ಅಲ್ಲ. ರೈತ ಒಪ್ಪಿದರೆ ವ್ಯಾಪಾರ ಮುಗೀತು.

ಬೆಂಬಲ ಬೆಲೆ ಅಂದರೆ 'ಸರ್ಕಾರ ಖರೀದಿ ಮಾಡಿದರೆ ಈ ರೇಟಿಗೆ ಮಾಡ್ತದ' ಅನ್ನೋ ಘೋಷಣೆ. 'ಮಾಡಿದರೆ' ಅನ್ನೋ ಪದದ ಮೇಲೇ ಎಲ್ಲಾ ನಿಂತದ. ಇದಕ್ಕೇ ಬೆಂಬಲ ಬೆಲೆಯನ್ನು ಕಾನೂನು ಮಾಡ್ರಿ ಅಂತ ರೈತ ಸಂಘಟನೆಗಳು 2020-21ರ ದೆಹಲಿ ಹೋರಾಟದಾಗೂ ಕೇಳಿದ್ದವು. ಕಬ್ಬು ಮಾತ್ರ ಬ್ಯಾರೆ. ಅದರ ಎಫ್‌ಆರ್‌ಪಿಗೆ ಕಾನೂನಿನ ಬಲ ಇದೆ, ಕಾರ್ಖಾನೆ ಅದಕ್ಕಿಂತ ಕಮ್ಮಿ ಕೊಡುವಂಗಿಲ್ಲ.

2,400 ಅನ್ನೋ ಲೆಕ್ಕ ಎಲ್ಲಿಂದ ಬಂತು?

ದೆಹಲಿಯ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಶಿಫಾರಸು ಮಾಡ್ತದ, ಕೇಂದ್ರ ಸಂಪುಟ ಒಪ್ಪತದ. ಈ ಸಲ ಗೋವಿನಜೋಳ ಬೆಳೆಯೋ ಖರ್ಚು ಕ್ವಿಂಟಾಲಿಗೆ 1,508 ರೂ. ಅಂತ ಹಿಡಿದು ಅದರ ಮೇಲೆ 59% ಸೇರಿಸಿದ್ದಾರೆ. ಬೀಜ, ಗೊಬ್ಬರ, ಎಣ್ಣೆ, ಆಳಿನ ಕೂಲಿ, ಕೊಟ್ಟ ಲಾವಣಿ, ಜೊತೆಗೆ ಮನೆ ಮಂದಿ ದುಡಿದ ಕೂಲಿ ಇದರಲ್ಲಿ ಬರ್ತದ. ಸ್ವಂತ ಹೊಲಕ್ಕೆ ಬರಬಹುದಾಗಿದ್ದ ಬಾಡಿಗೆ ಬರೋದಿಲ್ಲ. ಇದು ಇಡೀ ದೇಶದ ಸರಾಸರಿ. ಮಳೆ ಹೆಚ್ಚಾಗಿ ಇಳುವರಿ ಕುಸಿದ ನಮ್ಮ ಕಡೆ ಹೊಲದಾಗ ಕ್ವಿಂಟಾಲಿನ ಖರ್ಚು ಇದಕ್ಕಿಂತ ಏರ್ತದ, ಬೆಂಬಲ ಬೆಲೆ ಮಾತ್ರ ಅಲ್ಲೇ ಇರ್ತದ.

ಖರೀದಿ ಯಾಕ ಆಗಂಗಿಲ್ಲ?

ಸರ್ಕಾರ ಭತ್ತ, ಗೋಧಿ ದೊಡ್ಡ ಪ್ರಮಾಣದಲ್ಲಿ ಖರೀದಿ ಮಾಡ್ತದ, ಯಾಕಂದ್ರ ರೇಷನ್ ಅಂಗಡಿಗೆ ಅಕ್ಕಿ, ಗೋಧಿ ಬೇಕು. ನಮ್ಮ ರಾಜ್ಯದಲ್ಲಿ ರಾಗಿ, ಬಿಳಿಜೋಳ ಖರೀದಿ ನಡೆಯೋದೂ ಅದಕ್ಕೇ, ರೇಷನ್ನಿನಾಗ ಹಂಚಾಕ ಬರ್ತದ. ಗೋವಿನಜೋಳವನ್ನು ನಮ್ಮಲ್ಲಿ ರೇಷನ್ನಿನಾಗ ಯಾರೂ ಒಯ್ಯಂಗಿಲ್ಲ. ಅದು ಹೋಗೋದು ಕೋಳಿ ಆಹಾರಕ್ಕೆ, ದನದ ಹಿಂಡಿಗೆ, ಸ್ಟಾರ್ಚ್ ಫ್ಯಾಕ್ಟರಿಗೆ, ಎಥನಾಲ್ ಮಾಡೋ ಡಿಸ್ಟಿಲರಿಗೆ. ಖರೀದಿ ಮಾಡಿ ಎಲ್ಲಿ ಹಾಕಬೇಕು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲದ್ದಕ್ಕೆ ಪಟ್ಟಿಯಲ್ಲಿ ರೇಟು ಇದ್ರೂ ತೂಕದ ಕಾಟಾ ಇರೋದಿಲ್ಲ.

2025ರ ನವೆಂಬರಿನಲ್ಲಿ ಪಕ್ಕದ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕುಂತರು, ನಮ್ಮ ಜಿಲ್ಲೆಯಲ್ಲೂ ಕೂಗು ಎದ್ದಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ನಾಫೆಡ್ ಮುಂತಾದ ಸಂಸ್ಥೆಗಳಿಂದ ಖರೀದಿ ಮಾಡಿಸಿ ಅಂತ ಪ್ರಧಾನಿಗೆ ಪತ್ರ ಬರೆದರು. ಕೊನೆಗೆ ರಾಜ್ಯವೇ ಡಿಸ್ಟಿಲರಿಗಳು ಮತ್ತು ಕೆಎಂಎಫ್ ಮೂಲಕ ಖರೀದಿಗೆ ಇಳೀತು. ಮೊದಲು ಒಬ್ಬ ರೈತನಿಂದ 20 ಕ್ವಿಂಟಾಲ್ ಅಂತ ಮಿತಿ ಹಾಕಿದರು, ಆಮೇಲೆ 50ಕ್ಕೆ ಏರಿಸಿದರು.

ಒಂದು ಲೆಕ್ಕ ಹಾಕಿ ನೋಡೋಣ

ರಾಣೆಬೆನ್ನೂರು ತಾಲೂಕಿನ ಒಬ್ಬ ರೈತ, ಮೂರು ಎಕರೆ, 60 ಕ್ವಿಂಟಾಲ್ ಫಸಲು ಅಂತ ಇಟ್ಕೊಳ್ಳೋಣ. ಪೇಟೆ ಮಂದಿ ಮನಸ್ಸಿನಾಗ 60 ಗುಣಿಸು 2,400, ಅಂದರೆ 1,44,000 ರೂ. ಬಂತು ಅಂತ ಇರ್ತದ.

ಆದರೆ ಒಕ್ಕಿದ ಕೂಡಲೇ ಕಾಳಿನಾಗ ಹಸಿ ಇರ್ತದ. ಸರ್ಕಾರಿ ಖರೀದಿಗೆ ತೇವಾಂಶ 14% ಮೀರಬಾರದು. ಈ ರೈತನ ಕಾಳು 18% ಇದ್ದರೆ ಒಣಗಿಸಬೇಕು. ಒಣಗಿದ ಮೇಲೆ 60 ಕ್ವಿಂಟಾಲ್ ಇದ್ದದ್ದು ಸುಮಾರು 57 ಕ್ವಿಂಟಾಲ್ ಆಗ್ತದ, ನೀರಿನ ತೂಕ ಹೋತು. ಮಿತಿ 50 ಇದ್ದರೆ ಅಷ್ಟಕ್ಕೆ 1,20,000 ರೂ. ಉಳಿದ ಏಳನ್ನು ಎಪಿಎಂಸಿಯಲ್ಲಿ ಒಣಕಾಳಿನ ರೇಟು 1,800ಕ್ಕೆ ಮಾರಿದರೆ 12,600. ಒಟ್ಟು 1,32,600 ರೂ. ಮಿತಿ 20 ಇದ್ದಿದ್ದರೆ ಅದೇ ಲೆಕ್ಕ 1,14,600ಕ್ಕೆ ನಿಲ್ಲುತ್ತಿತ್ತು.

ಒಣಗಿಸದೆ, ಕಾಯದೆ, ಹಸಿಕಾಳನ್ನೇ 1,700ಕ್ಕೆ ಕೊಟ್ಟರೆ ಕೈಗೆ 1,02,000 ರೂ. ಮೇಲಿನ 1,32,600ರ ಲೆಕ್ಕಕ್ಕೂ ಇದಕ್ಕೂ 30,600 ರೂ. ಫರಕು. ಹಂಗಾದ್ರ ಕಾಯಬಾರದೇನು? ಒಣಗಿಸಾಕ ಕಣ ಬೇಕು, ತಾಡಪಾಲು ಬೇಕು, ಆಳು ಬೇಕು, ಮಳೆ ಬರಬಾರದು. ಜಾಗ ಇಲ್ಲದವರು ಡಾಂಬರ್ ರಸ್ತೆ ಮೇಲೆ ಹರವೋದು ಇದಕ್ಕೇ. ಫಸಲು ಬರೋದು ಅಕ್ಟೋಬರ್, ನವೆಂಬರಿನಾಗ. ಖರೀದಿ ಆದೇಶ ಬರೋದು ಅದರ ಮ್ಯಾಗ. ಅಷ್ಟೊತ್ತಿಗೆ ಗೊಬ್ಬರದ ಅಂಗಡಿ ಉದ್ರಿ, ದಲಾಲಿ ಅಂಗಡಿಯಿಂದ ತಂದ ಮುಂಗಡ, ಹಿಂಗಾರಿ ಬಿತ್ತನೆ ಎಲ್ಲಾ ಒಟ್ಟಿಗೆ ಬಂದು ನಿಂತಿರ್ತಾವ. ಬೆಂಬಲ ಬೆಲೆ ಸಿಗೋದು ಕಾಯಾಕ ತಾಕತ್ತು ಇದ್ದವರಿಗೆ.

ಕಾಗದದ ತೊಡಕು

ಖರೀದಿ ಕೇಂದ್ರದಲ್ಲಿ ಮಾರಬೇಕಂದ್ರ ಫ್ರೂಟ್ಸ್ ಐಡಿ ಬೇಕು. ಅದು ಪಹಣಿ, ಆಧಾರ್, ಬ್ಯಾಂಕ್ ಖಾತೆಗೆ ಜೋಡಣೆ ಆಗಿರ್ತದ. ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ ಗೋವಿನಜೋಳ ಅಂತಲೇ ಬಂದಿರಬೇಕು, ಹತ್ತಿ ಅಂತ ತಪ್ಪಿ ಬಿದ್ದಿದ್ದರೆ ನೋಂದಣಿ ಅಲ್ಲೇ ನಿಲ್ತದ. ಲಾವಣಿ ಮಾಡಿದವರ ಕಷ್ಟ ಇನ್ನೂ ಹೆಚ್ಚು. ಬೆವರು ಅವರದು, ಪಹಣಿ ಮಾಲೀಕರದು. ರೊಕ್ಕ ಬೀಳೋದು ಮಾಲೀಕರ ಖಾತೆಗೆ.

ಬ್ಯಾಡಗಿ ಮೆಣಸಿನಕಾಯಿಗೆ ಎಷ್ಟು?

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕೈತಿ, ದೇಶಕ್ಕೆಲ್ಲಾ ಹೆಸರು. ಬೆಂಬಲ ಬೆಲೆ ಮಾತ್ರ ಇಲ್ಲ. ಪಟ್ಟಿಯಲ್ಲಿ ಇರೋದು 22 ಬೆಳೆ, ಅದರಾಗ ಮೆಣಸಿನಕಾಯಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಶುಂಠಿ ಯಾವುದೂ ಇಲ್ಲ. ಇವುಗಳ ರೇಟು ಬಿದ್ದಾಗ ಇರೋದು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಒಂದೇ. ಅದು ಪ್ರತಿ ವರ್ಷ ತಾನಾಗೇ ಬರಂಗಿಲ್ಲ, ರಾಜ್ಯ ಕೇಳಬೇಕು, ಕೇಂದ್ರ ಒಪ್ಪಬೇಕು. 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿ ಎಪಿಎಂಸಿಯಲ್ಲಿ ರೇಟು ಕುಸಿದು ಗಲಾಟೆ ಆಗಿ ವಾಹನಗಳು ಸುಟ್ಟ ದಿನ, ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ ತೋರಿಸಾಕ ರೈತರ ಕೈಯಾಗ ಒಂದು ಅಂಕಿಯೂ ಇರಲಿಲ್ಲ.

ಹಂಗಂತ ಬೆಂಬಲ ಬೆಲೆ ದಂಡ ಅಂತಲ್ಲ. ಖರೀದಿ ಕೇಂದ್ರ ಹೊತ್ತಿಗೆ ಸರಿಯಾಗಿ ತೆರೆದರೆ ಎಪಿಎಂಸಿಯ ಖರೀದಿದಾರರೂ ಟೆಂಡರ್ ಏರಿಸಬೇಕಾಗ್ತದ, ಇಲ್ಲಾಂದ್ರ ಮಾಲು ಆ ಕಡೆ ಹೋಗ್ತದ. ಹಂಗಾಗಿ ಮುಂದಿನ ಸಲ ಬೆಂಬಲ ಬೆಲೆ ಏರಿತು ಅಂತ ಸುದ್ದಿ ಬಂದರೆ ರೇಟಿನ ಜೊತೆ ಮೂರು ಮಾತು ಕೇಳ್ರಿ: ಕೇಂದ್ರ ಯಾವ ತಾರೀಖಿಗೆ ತೆರೀತದ, ಒಬ್ಬರಿಂದ ಎಷ್ಟು ಕ್ವಿಂಟಾಲ್ ತಗೋತಾರ, ರೊಕ್ಕ ಎಷ್ಟು ದಿನದಾಗ ಖಾತೆಗೆ ಬೀಳ್ತದ.