ಮಂದ್ರ ಸ್ವರವನ್ನು ತಡೆಯುವ ಕೆಪಾಸಿಟರ್ ಯಾವುದು?

ಗಂಡು ಶ್ರುತಿಯ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಸುಮಾರು 69 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಎರಡು ಟ್ರಾನ್ಸಿಸ್ಟರುಗಳ ಒಂದು ಸಾಮಾನ್ಯ ಆಂಪ್ಲಿಫೈಯರ್ ಈ ಕಂಪನವನ್ನು ಪೂರ್ತಿಯಾಗಿ ದಾಟಿಸುತ್ತದೆಯೇ? ಇದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಿ ತಿಳಿಯಬಹುದು.

ಇಂಥ ಸರ್ಕ್ಯೂಟಿನಲ್ಲಿ ಐದು ಕೆಪಾಸಿಟರುಗಳಿರುತ್ತವೆ. ಒಳಬರುವಲ್ಲಿ, ಎರಡು ಹಂತಗಳ ನಡುವೆ ಮತ್ತು ಹೊರಹೋಗುವಲ್ಲಿ ಒಂದೊಂದು ಕಪಲಿಂಗ್ ಕೆಪಾಸಿಟರ್ ಇದ್ದು, ಅವು ಡಿಸಿಯನ್ನು ತಡೆದು ಸಂಕೇತವನ್ನಷ್ಟೇ ಮುಂದಕ್ಕೆ ಬಿಡುತ್ತವೆ. ಇನ್ನೆರಡು ಬೈಪಾಸ್ ಕೆಪಾಸಿಟರುಗಳು ಎಮಿಟರ್ ರೆಸಿಸ್ಟರಿನ ಪಕ್ಕದಲ್ಲಿ ಕೂತು ಗೇನ್ ಕುಗ್ಗದಂತೆ ನೋಡಿಕೊಳ್ಳುತ್ತವೆ. ಆವೃತ್ತಿ ಇಳಿದಂತೆ ಕೆಪಾಸಿಟರಿನ ಅಡ್ಡಿ ಏರುತ್ತದೆ. ಅದು ಸುತ್ತಲಿನ ರೋಧಕ್ಕೆ ಸಮನಾದಾಗ ಹೊರಬರುವ ವೋಲ್ಟೇಜು ಶೇ. 70ರಷ್ಟಕ್ಕೆ ಇಳಿಯುತ್ತದೆ. ಅದೇ ಕೆಳಗಿನ ಕಟಾಫ್ ಆವೃತ್ತಿ:

f = 1 / (2πRC)

ರೋಧವನ್ನು ಕಿಲೋಓಮ್‌ನಲ್ಲೂ ಕೆಪಾಸಿಟರನ್ನು ಮೈಕ್ರೊಫ್ಯಾರಡ್‌ನಲ್ಲೂ ಇಟ್ಟುಕೊಂಡರೆ, ಅವೆರಡರ ಗುಣಲಬ್ಧದಿಂದ 159ನ್ನು ಭಾಗಿಸಿದರೆ ಸಾಕು, ಉತ್ತರ ಹರ್ಟ್ಸ್‌ನಲ್ಲಿ ಸಿಗುತ್ತದೆ. ಸೂತ್ರ ಸುಲಭ, ಆದರೆ R ಎಂದರೆ ಯಾವ ರೋಧ ಎಂದು ಕಂಡುಕೊಳ್ಳುವುದರಲ್ಲೇ ನಿಜವಾದ ಕೆಲಸವಿದೆ.

ಎರಡೂ ಹಂತಗಳಲ್ಲಿ BC547 ಟ್ರಾನ್ಸಿಸ್ಟರ್, 12 ವೋಲ್ಟ್ ಸಪ್ಲೈ, ಬೇಸ್‌ಗೆ 47 ಮತ್ತು 10 ಕಿಲೋಓಮ್, ಕಲೆಕ್ಟರಿಗೆ 4.7 ಕಿಲೋಓಮ್, ಎಮಿಟರಿಗೆ 1 ಕಿಲೋಓಮ್ ಇದೆ ಎನ್ನೋಣ. ಕರೆಂಟು ಸುಮಾರು 1.4 ಮಿಲಿಆಂಪಿಯರ್ ಹರಿಯುತ್ತದೆ. ಟ್ರಾನ್ಸಿಸ್ಟರಿನ ಬೀಟಾ 200 ಎಂದಿಟ್ಟುಕೊಂಡರೆ ಪ್ರತಿ ಹಂತದ ಒಳರೋಧ 2.5 ಕಿಲೋಓಮ್ ಆಗುತ್ತದೆ. ಕಪಲಿಂಗ್ ಕೆಪಾಸಿಟರುಗಳು 10, ಬೈಪಾಸ್‌ಗಳು 100 ಮೈಕ್ರೊಫ್ಯಾರಡ್.

ಮೊದಲ ಕಪಲಿಂಗ್ ಕೆಪಾಸಿಟರಿನ ಒಂದು ಬದಿಗೆ 1 ಕಿಲೋಓಮ್‌ನ ಸಂಕೇತ ಮೂಲ, ಇನ್ನೊಂದು ಬದಿಗೆ 2.5 ಕಿಲೋಓಮ್‌ನ ಒಳರೋಧ. ಎರಡೂ ಸೇರಿ 3.5, ಹಾಗಾಗಿ ಕಟಾಫ್ 4.5 ಹರ್ಟ್ಸ್. ನಡುವಿನದಕ್ಕೆ ಹಿಂದಿನ ಹಂತದ 4.7 ಕಿಲೋಓಮ್ ಮತ್ತು ಮುಂದಿನ ಹಂತದ 2.5 ಸೇರಿ 7.2, ಅಂದರೆ 2.2 ಹರ್ಟ್ಸ್. ಕೊನೆಯದು 10 ಕಿಲೋಓಮ್ ಲೋಡಿನೊಂದಿಗೆ 1 ಹರ್ಟ್ಸ್‌ಗೆ ಬರುತ್ತದೆ. ಈ ಮೂರೂ ಕಿವಿಗೆ ಕೇಳುವ 20 ಹರ್ಟ್ಸ್‌ಗಿಂತ ಬಹಳ ಕೆಳಗಿವೆ.

ಬೈಪಾಸ್‌ನಲ್ಲಿ ಕಥೆ ಬೇರೆ. ಪಕ್ಕದಲ್ಲೇ 1 ಕಿಲೋಓಮ್ ರೆಸಿಸ್ಟರ್ ಕಾಣುವುದರಿಂದ ಅದನ್ನೇ R ಎಂದು ಹಿಡಿದರೆ 1.6 ಹರ್ಟ್ಸ್ ಎಂಬ ಉತ್ತರ ಬಂದು ಸಮಾಧಾನವಾಗಿಬಿಡುತ್ತದೆ. ಆದರೆ ಕೆಪಾಸಿಟರಿಗೆ ಎಮಿಟರಿನ ಒಳಗಿನ ರೋಧವೂ ಎದುರಾಗುತ್ತದೆ. 25 ಮಿಲಿವೋಲ್ಟನ್ನು 1.4 ಮಿಲಿಆಂಪಿಯರಿನಿಂದ ಭಾಗಿಸಿದರೆ ಅದು ಬರೀ 18 ಓಮ್. ಬೇಸ್ ಬದಿಯ ಸುಮಾರು 890 ಓಮ್ ಬೀಟಾದಿಂದ ಭಾಗವಾಗಿ 4.5 ಓಮ್ ಕೂಡಿಸುತ್ತದೆ. ಇವುಗಳೊಡನೆ 1 ಕಿಲೋಓಮ್ ಸಮಾನಾಂತರವಾಗಿ ಸೇರಿ ಉಳಿಯುವುದು 22 ಓಮ್. ಕಟಾಫ್ 72 ಹರ್ಟ್ಸ್! ಎರಡನೇ ಹಂತದಲ್ಲಿ ಬೇಸ್ ಬದಿಯ ರೋಧ ಹೆಚ್ಚಿರುವುದರಿಂದ ಒಟ್ಟು 32 ಓಮ್, ಕಟಾಫ್ 50 ಹರ್ಟ್ಸ್.

ಇವುಗಳಲ್ಲಿ ದೊಡ್ಡದಾದ 72 ಹರ್ಟ್ಸನ್ನೇ ಇಡೀ ಆಂಪ್ಲಿಫೈಯರಿನ ಕಟಾಫ್ ಎನ್ನುವಂತಿಲ್ಲ. ಅಲ್ಲಿ ಮೊದಲ ಹಂತ ಶೇ. 70ಕ್ಕೆ ಇಳಿಸಿದ ಸಂಕೇತವನ್ನು ಎರಡನೆಯದು ಇನ್ನಷ್ಟು ಇಳಿಸುತ್ತದೆ. ಎರಡರ ಇಳಿತವನ್ನು ಗುಣಿಸಿ ನೋಡಿದರೆ ಒಟ್ಟು ಶೇ. 70 ಆಗುವುದು ಸುಮಾರು 95 ಹರ್ಟ್ಸ್‌ನಲ್ಲಿ. ಐದೂ ಆವೃತ್ತಿಗಳನ್ನು ಸುಮ್ಮನೆ ಕೂಡಿದರೆ 130 ಬರುತ್ತದೆ. ಅದು ಅವಸರದ ಅಂದಾಜಿಗೆ ಸುರಕ್ಷಿತವಾದ ಮೇಲಿನ ಮಿತಿ. ತಂಬೂರಿಯ 69 ಹರ್ಟ್ಸ್ ಇಲ್ಲಿ ಶೇ. 56ಕ್ಕೆ ಕುಗ್ಗುತ್ತದೆ. ಮೇಲಿನ ಅನುಸ್ವರಗಳು ಉಳಿಯುವುದರಿಂದ ಶ್ರುತಿ ಕೇಳುತ್ತದೆ, ಆದರೆ ನಾದದ ಬುಡ ತೆಳುವಾಗುತ್ತದೆ.

ಪರಿಹಾರ ಎರಡು. ಬೈಪಾಸ್‌ಗಳನ್ನು 470 ಮೈಕ್ರೊಫ್ಯಾರಡ್‌ಗೆ ಏರಿಸಿದರೆ ಒಟ್ಟು ಕಟಾಫ್ ಸುಮಾರು 21 ಹರ್ಟ್ಸ್‌ಗೆ ಇಳಿಯುತ್ತದೆ. ಇಲ್ಲವೇ ಎಮಿಟರಿನ 1 ಕಿಲೋಓಮ್‌ನಲ್ಲಿ 100 ಓಮ್‌ನಷ್ಟನ್ನು ಬೈಪಾಸ್ ಮಾಡದೆ ಬಿಡಬಹುದು. ಆಗ 100 ಮೈಕ್ರೊಫ್ಯಾರಡ್ಡೇ ಸಾಕು, ಮೊದಲ ಹಂತದ ಕಟಾಫ್ 15 ಹರ್ಟ್ಸ್ ಆಗುತ್ತದೆ. ಅದಕ್ಕೆ ತೆರುವ ಬೆಲೆ ಗೇನ್: ಆ ಹಂತದಲ್ಲಿ 90 ಇದ್ದದ್ದು ಸುಮಾರು 22ಕ್ಕೆ ಬರುತ್ತದೆ.

ಬೀಟಾ ಒಂದು ಟ್ರಾನ್ಸಿಸ್ಟರಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಬೆಲೆ ಶೇ. 20ರಷ್ಟು ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಹಾಗಾಗಿ ಅಳೆದು ನೋಡಬೇಕು. 1 ಕಿಲೋಹರ್ಟ್ಸ್ ಸಂಕೇತ ಕೊಟ್ಟು ಹೊರಗೆ 1 ವೋಲ್ಟ್ ಬರುವಂತೆ ಹೊಂದಿಸಿ, ಆವೃತ್ತಿಯನ್ನು ಇಳಿಸುತ್ತ ಹೋಗಿ 0.7 ವೋಲ್ಟ್ ಆಗುವ ಜಾಗವನ್ನು ಗುರುತಿಸಿ. ನಂತರ ಒಂದೊಂದೇ ಕೆಪಾಸಿಟರಿಗೆ ಅಷ್ಟೇ ಬೆಲೆಯ ಇನ್ನೊಂದನ್ನು, ಧ್ರುವ ತಪ್ಪದಂತೆ, ಸಮಾನಾಂತರವಾಗಿ ಹಚ್ಚಿ ನೋಡಿ. ಯಾವುದಕ್ಕೆ ಹಚ್ಚಿದಾಗ ಆ ಜಾಗ ಕೆಳಗೆ ಸರಿಯುತ್ತದೋ, ಮಂದ್ರವನ್ನು ತಡೆಯುತ್ತಿರುವುದು ಅದೇ.